ಪ್ರತಿಕ್ರಿಯೆ: ಬದಲಾಗದ ಉದ್ದ ಪಠ್ಯ ಎಲ್ಲಿ ಹೋಗುತ್ತದೆ?

"ಪೋಸ್ಟ್‌ಗ್ರೆಸ್‌ನಲ್ಲಿ ಬೆಲೆಯನ್ನಷ್ಟೇ ಬದಲಿಸಿದೆ, ಡೆಬೀಜಿಯಮ್ ಮತ್ತು ಕಾಫ್ಕಾ ಮೂಲಕ ತುಂಬುವ ಹುಡುಕಾಟದ ಇಂಡೆಕ್ಸಿನಲ್ಲಿ ಕೆಲವು ಸರಕುಗಳ ವಿವರಣೆಯೇ ಮಾಯವಾಗಿದೆ. ಏಕೆ?"

ವಿವರಣೆ ಮಾಯವಾದ ಸರಕುಗಳೆಲ್ಲ ಉದ್ದ ಪಠ್ಯವುಳ್ಳವೇ ಎಂದು ಮೊದಲು ನೋಡಿ. ಸಾಲು ಸುಮಾರು 2 ಕೆ.ಬಿ. ಮೀರಿದಾಗ ಪೋಸ್ಟ್‌ಗ್ರೆಸ್ ದೊಡ್ಡ ಮೌಲ್ಯಗಳನ್ನು ಸಂಕುಚಿಸಿ, ಅದೂ ಸಾಲದಿದ್ದರೆ ಟೋಸ್ಟ್ ಎಂಬ ಪ್ರತ್ಯೇಕ ಕೋಷ್ಟಕದಲ್ಲಿ ಇಡುತ್ತದೆ. ಹೀಗೆ ಹೊರಗಿಟ್ಟ ಕಾಲಂ ಬದಲಾಗದಿದ್ದರೆ, ಆ ಅಪ್‌ಡೇಟ್‌ನ ಲಾಗ್‌ನಲ್ಲಿ ಅದರ ಮೌಲ್ಯ ಬರುವುದೇ ಇಲ್ಲ. ಈ ಲಾಗ್ ಓದಿ ಬದಲಾವಣೆಗಳನ್ನು ಕಾಫ್ಕಾಗೆ ರವಾನಿಸುವ ಡೆಬೀಜಿಯಮ್ ಆ ಜಾಗದಲ್ಲಿ `__debezium_unavailable_value` ಎಂದು ತುಂಬಿ ಕಳುಹಿಸುತ್ತದೆ. ನಿಮ್ಮ ಇಂಡೆಕ್ಸಿನಲ್ಲಿ ಇದೇ ಪದವನ್ನು ಹುಡುಕಿದರೆ ಅನುಮಾನ ಬಗೆಹರಿಯುತ್ತದೆ. ನಡುವೆ ಯಾರಾದರೂ ಅದನ್ನು ಖಾಲಿಯಾಗಿ ಪರಿವರ್ತಿಸಿದ್ದರೆ ಮಾತ್ರ ಕಾಣಿಸದು.

ಸಂದೇಶದಲ್ಲಿ ಆ ಪದ ಬಂದ ಫೀಲ್ಡನ್ನು ತೆಗೆದುಹಾಕಿ, ಇಡೀ ದಾಖಲೆಯನ್ನು ಬದಲಿಸುವ ಬದಲು ಉಳಿದ ಫೀಲ್ಡುಗಳನ್ನಷ್ಟೇ ಅಪ್‌ಡೇಟ್ ಮಾಡುವುದು ಅಗ್ಗದ ದಾರಿ. ಆದರೆ ಕಾಫ್ಕಾ ಟಾಪಿಕ್ ಕಂಪ್ಯಾಕ್ಟ್ ಆಗುವಂಥದ್ದಾದರೆ ಪ್ರತಿ ಕೀಗೆ ಕೊನೆಯ ಸಂದೇಶವಷ್ಟೇ ಉಳಿಯುವುದರಿಂದ, ಮುಂದೊಮ್ಮೆ ಅದರಿಂದಲೇ ಇಂಡೆಕ್ಸನ್ನು ಮರಳಿ ಕಟ್ಟಲು ಹೊರಟಾಗ ವಿವರಣೆ ಎಲ್ಲಿಯೂ ಸಿಗುವುದಿಲ್ಲ. ಹಾಗಿದ್ದರೆ ಇದನ್ನು ಮಾಡಿ:

```sql
ALTER TABLE products REPLICA IDENTITY FULL;
```

ಇದರಿಂದ ಪ್ರತಿ ಅಪ್‌ಡೇಟ್ ಮತ್ತು ಡಿಲೀಟ್‌ಗೆ ಹಳೆಯ ಸಾಲು ಪೂರ್ತಿಯಾಗಿ ಲಾಗ್‌ಗೆ ಸೇರುತ್ತದೆ, ಹಾಗಾಗಿ ವಿವರಣೆಯೂ ಸಿಗುತ್ತದೆ; ಆದರೆ ಲಾಗ್ ಹಿಗ್ಗುತ್ತದೆ. ಬೆಲೆ ದಿನವಿಡೀ ಬದಲಾಗುವ ಕೋಷ್ಟಕವಾದರೆ, ವಿವರಣೆಯನ್ನು ಬೇರೆ ಕೋಷ್ಟಕಕ್ಕೆ ಸರಿಸುವುದೇ ಲೇಸೆಂದು ನನಗನ್ನಿಸುತ್ತದೆ. ಈಗಾಗಲೇ ಕೆಟ್ಟಿರುವ ದಾಖಲೆಗಳಿಗೆ ಮಾತ್ರ ಹೊಸದಾಗಿ ಸ್ನ್ಯಾಪ್‌ಶಾಟ್ ತೆಗೆಯಲೇಬೇಕು.