ಅಂಚಿನಲ್ಲೊಂದು ಕೆಂಪು ಚುಕ್ಕೆ

ಮಂಗಳವಾರ ನನಗೆ ವಾರದ ರಜೆ. ಕಳೆದ ಮಂಗಳವಾರ ರಾತ್ರಿ ಒಂಬತ್ತೂವರೆಗೆ, ಬಿಸಿ ಅನ್ನಕ್ಕೆ ಹುರುಳಿಕಟ್ಟಿನ ಸಾರು ಹಾಕಿಕೊಂಡು ಮೊದಲ ತುತ್ತು ಕಲಸುತ್ತಿದ್ದಾಗ ಡೆಸ್ಕಿನಿಂದ ಫೋನ್ ಬಂತು. ‘ಸರ್, ಹೆಡ್ಡಿಂಗಿಗೆ ನೀರಿನ ಅಭಾವ ಅಂತ ಇಡ್ಲಾ, ಕೊರತೆ ಅಂತ ಇಡ್ಲಾ?’ ಎಂದು ಕೇಳಿದ ಹುಡುಗ ನಮ್ಮ ಪತ್ರಿಕೆಗೆ ಸೇರಿ 14 ತಿಂಗಳಾಗಿದೆ. ಪುಟದಲ್ಲಿ ಎಷ್ಟು ಜಾಗವಿದೆ ಎಂಬುದು ಅವನಿಗೆ ಕಾಣುತ್ತದೆ, ನನಗೆ ಕಾಣುವುದಿಲ್ಲ. ಆದರೂ ‘ಕೊರತೆ’ ಎಂದೆ. ‘ಥ್ಯಾಂಕ್ಯೂ ಸರ್’ ಎಂದು ಅವನು ಇಟ್ಟ. ಸಾರು ಆರಿತ್ತು, ನಾನು ಆರಿರಲಿಲ್ಲ.

ಅವನನ್ನು ಬೈದುಕೊಳ್ಳುತ್ತಲೇ ಊಟ ಮುಗಿಸಿದೆನಾದರೂ, ಕೈ ತೊಳೆಯುವ ಹೊತ್ತಿಗೆ ಒಂದು ಲೆಕ್ಕ ಮನಸ್ಸಿಗೆ ಬಂದು ಅಹಿತವಾಯಿತು. ಈ 14 ತಿಂಗಳಲ್ಲಿ ಅವನು ಬರೆದ ಸುದ್ದಿಯ ಕಾಪಿ ನನ್ನ ಮುಂದೆ ಬಂದಾಗಲೆಲ್ಲ ನಾನು ಮಾಡಿದ್ದು ಒಂದೇ ಕೆಲಸ: ಕುರ್ಚಿ ಎಳೆದುಕೊಂಡು ಸುದ್ದಿಯ ಮೊದಲ ಪ್ಯಾರಾ, ಅಂದರೆ ಇಡೀ ಇಂಟ್ರೊವನ್ನು ನಾಲ್ಕೇ ನಿಮಿಷದಲ್ಲಿ ಹೊಸದಾಗಿ ಬರೆದು ಕೊಡುವುದು. ಅವನು ಮರುದಿನ ಅದನ್ನು ಪತ್ರಿಕೆಯಲ್ಲಿ ಓದಿ, ತನ್ನ ಹೆಸರಿನ ಕೆಳಗೆ ಚೆನ್ನಾಗಿ ಬಂದಿದೆ ಎಂದು ಸಂತೋಷಪಡುತ್ತಿದ್ದ. ನಡುವೆ ಕೆಲವು ವಾರ, ತಿದ್ದಿದ್ದೆಲ್ಲ ಕೆಂಪಿನಲ್ಲಿ ಕಾಣುವಂತೆ ವರ್ಡ್‌ನಲ್ಲಿ ತಿದ್ದಿ ಕಳಿಸಿ, ನೋಡಿ ಕಲಿಯಲಿ ಎಂದು ಕಾದೆ. ಆ ತಂತ್ರಾಂಶದಲ್ಲಿ Accept All ಎಂಬ ಗುಂಡಿಯಿದೆ. ಅದನ್ನು ಒತ್ತಿದರೆ ಅಷ್ಟೂ ಕೆಂಪು ಒಂದೇ ಕ್ಷಣದಲ್ಲಿ ಕಪ್ಪಾಗುತ್ತದೆ. ಅವನು ಕಲಿತದ್ದು ಆ ಗುಂಡಿ ಎಲ್ಲಿದೆ ಎಂಬುದನ್ನು.

ನಾನು ಕೆಲಸ ಕಲಿತ ಕಾಲದಲ್ಲಿ ನಮ್ಮ ಚೀಫ್ ಸಬ್, ಎಂದರೆ ಮುಖ್ಯ ಉಪಸಂಪಾದಕರು, ಒಬ್ಬರಿದ್ದರು. ಅಡಿಕೆ ಜಗಿಯುತ್ತ, ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡು ಓದುತ್ತಿದ್ದ ಅವರು ಕಿರಿಯರ ಕಾಪಿಯನ್ನು ತಿದ್ದುತ್ತಲೇ ಇರಲಿಲ್ಲ. ತಪ್ಪಿರುವ ಸಾಲಿನ ಎದುರು, ಕಾಗದದ ಎಡ ಅಂಚಿನಲ್ಲಿ, ಕೆಂಪು ಶಾಯಿಯ ಒಂದು ಚುಕ್ಕೆ ಇಟ್ಟು ಹಿಂದಿರುಗಿಸುತ್ತಿದ್ದರು. ತಪ್ಪು ಯಾವುದು ಎಂದು ಹೇಳುತ್ತಿರಲಿಲ್ಲ. ಅದು ಕಾಗುಣಿತದ್ದೋ, ವಾಕ್ಯದ್ದೋ, ಸುದ್ದಿಯದ್ದೋ ಎಂಬ ಸುಳಿವೂ ಇಲ್ಲ. ಕೇಳಿದರೆ ‘ಅಲ್ಲೇ ಇದೆ ನೋಡಯ್ಯಾ’ ಎನ್ನುವರು. ಅವರಿಗೆ ಬರೆಯಲು ಸೋಮಾರಿತನ ಎಂಬುದು ನಮ್ಮ ಖಚಿತ ಅಭಿಪ್ರಾಯವಾಗಿತ್ತು, ಅದರಲ್ಲಿ ಸ್ವಲ್ಪ ನಿಜವೂ ಇದ್ದಿರಬೇಕು.

ಒಂದು ಬೇಸಿಗೆಯಲ್ಲಿ ನಾನು ತಾಲ್ಲೂಕು ಮಟ್ಟದ ಕುಡಿಯುವ ನೀರಿನ ಸಭೆಯ ವರದಿ ಬರೆದೆ. ಮೂರು ಚುಕ್ಕೆಗಳೊಂದಿಗೆ ಅದು ಹಿಂದಕ್ಕೆ ಬಂತು. ಮೊದಲನೆಯದು ಸುಲಭ: ‘ಅಧ್ಯಕ್ಷತೆ’ಯ ಮಹಾಪ್ರಾಣ ಬಿಟ್ಟುಹೋಗಿತ್ತು. ಎರಡನೆಯದರ ಎದುರು ‘ಶೀಘ್ರವೇ ಕ್ರಮ ಕೈಗೊಳ್ಳಲಾಗುವುದು ಎಂದು ಭರವಸೆ ನೀಡಲಾಯಿತು’ ಎಂದಿತ್ತು. ಕಾಲು ಗಂಟೆ ನೋಡಿದ ಮೇಲೆ, ಕ್ರಮ ಕೈಗೊಳ್ಳುವವರೂ ಇಲ್ಲದ, ಭರವಸೆ ಕೊಟ್ಟವರೂ ಇಲ್ಲದ ವಾಕ್ಯವೊಂದನ್ನು ನಾನು ಬರೆದಿದ್ದೇನೆಂಬುದು ಹೊಳೆದು, ತಹಶೀಲ್ದಾರರನ್ನು ಕರೆತಂದು ಕರ್ತೃಪದದ ಜಾಗದಲ್ಲಿ ಕೂರಿಸಿದೆ. ಮೂರನೆಯ ಚುಕ್ಕೆ ಮಾತ್ರ ಬಗ್ಗಲಿಲ್ಲ. ಅಲ್ಲಿದ್ದದ್ದು ಇಷ್ಟೇ: ‘ನೀರಿಲ್ಲದ 42 ಗ್ರಾಮಗಳ ಪೈಕಿ 17 ಗ್ರಾಮಗಳಿಗೆ ಟ್ಯಾಂಕರ್ ಮೂಲಕ, 19 ಗ್ರಾಮಗಳಿಗೆ ಖಾಸಗಿ ಕೊಳವೆಬಾವಿಗಳಿಂದ ನೀರು ಕೊಡಲಾಗುತ್ತಿದ್ದು, ಉಳಿದ 8 ಗ್ರಾಮಗಳಿಗೆ ವ್ಯವಸ್ಥೆ ಆಗಬೇಕಿದೆ.’ ‘ಪೈಕಿ’ ತೆಗೆದು ‘ಗಳಲ್ಲಿ’ ಮಾಡಿದೆ. ಚುಕ್ಕೆ ಹಾಗೆಯೇ ಬಂತು. ‘ಮೂಲಕ’ ತೆಗೆದೆ, ಮತ್ತೆ ಬಂತು. ಕೊಳವೆಬಾವಿಯನ್ನು ಬೋರ್‌ವೆಲ್ ಮಾಡಿದೆ. ಈ ಬಾರಿ ಅವರು ಹಳೆಯ ಚುಕ್ಕೆಯನ್ನೇ ಇನ್ನಷ್ಟು ದಪ್ಪ ಮಾಡಿ ಕೊಟ್ಟರು. ಟೀ ಕುಡಿಯಲು ಕೆಳಗಿಳಿದು, ಅಂಗಡಿಯವನು ಚಿಲ್ಲರೆ ಎಣಿಸಿ ಕೈಗಿಡುವಾಗ ಥಟ್ಟನೆ ಕೂಡಿದೆ. 17, 19 ಮತ್ತು 8 ಸೇರಿದರೆ 44. ಎರಡು ಗ್ರಾಮಗಳು ನನ್ನ ಕಾಪಿಯಲ್ಲಿ ಹೊಸದಾಗಿ ಹುಟ್ಟಿದ್ದವು. ಟೀ ಅಲ್ಲೇ ಬಿಟ್ಟು ಓಡಿ, ಟಿಪ್ಪಣಿ ಪುಸ್ತಕ ತೆರೆದು ನೋಡಿದರೆ ಕೊನೆಯ ಸಂಖ್ಯೆ 6 ಇತ್ತು.

ತಿದ್ದಿದ ಕಾಪಿಯನ್ನು ಗೆದ್ದವನಂತೆ ಮೇಜಿನ ಮೇಲಿಟ್ಟೆ. ಅವರು ಕನ್ನಡಕ ಕೆಳಗಿಳಿಸಿ ಬಹಳ ಹೊತ್ತು ನೋಡಿದರು. ‘ಇದನ್ನು ನಾನು ಕಂಡಿರಲಿಲ್ಲವಲ್ಲಯ್ಯಾ. ಒಂದೇ ವಾಕ್ಯದಲ್ಲಿ ನಾಲ್ಕು ಸಲ ಗ್ರಾಮ ಗ್ರಾಮ ಅಂತ ಬರೆದಿದ್ದೀಯಲ್ಲ, ಅದಕ್ಕೆ ಚುಕ್ಕೆ ಇಟ್ಟಿದ್ದೆ’ ಎಂದರು. ಅಂದಿನಿಂದ ಇಂದಿನವರೆಗೆ ‘ಪೈಕಿ’ ಎಂಬ ಪದ ಕಂಡಲ್ಲೆಲ್ಲ ನಾನು ಕೂಡಿ ನೋಡದೆ ಮುಂದೆ ಹೋದದ್ದಿಲ್ಲ. ಅವರೇ ಆ ‘ಗ್ರಾಮ’ಗಳನ್ನು ಹೊಡೆದುಹಾಕಿ ಕೊಟ್ಟಿದ್ದರೆ ವಾಕ್ಯ ಚಂದವಾಗುತ್ತಿತ್ತು, 44 ಗ್ರಾಮಗಳು ಅಚ್ಚಾಗುತ್ತಿದ್ದವು.

ಚುಕ್ಕೆಯ ಪದ್ಧತಿಯನ್ನು ಹೊಗಳಲು ಹೊರಟಿದ್ದೇನೆಂದು ಯಾರೂ ತಿಳಿಯಬಾರದು. ಸುದ್ದಿ ಎಲ್ಲಿದೆ ಎಂದೇ ತಿಳಿಯದವರಿಗೆ ಚುಕ್ಕೆ ಇಟ್ಟರೆ ಅವರು ಕಾಗುಣಿತವನ್ನೇ ಹುಡುಕುತ್ತ ಕೂರುತ್ತಾರೆ. ಮೊನ್ನೆ ನಮ್ಮ ಟ್ರೈನಿ ಹುಡುಗಿಯೊಬ್ಬಳು ಆಸ್ಪತ್ರೆ ಕಟ್ಟಡದ ಉದ್ಘಾಟನೆಯ ಕಾಪಿ ತಂದಳು. ಗಣ್ಯರು ದೀಪ ಬೆಳಗಿಸಿ, ಹಾರ ಹಾಕಿಸಿಕೊಂಡು, ಮಾತನಾಡಿ ಮುಗಿಸಿದ ಮೇಲೆ ಏಳನೆಯ ಪ್ಯಾರಾದಲ್ಲಿ, 9 ವೈದ್ಯರ ಹುದ್ದೆಗಳಲ್ಲಿ 6 ಖಾಲಿ ಇವೆ ಎಂಬ ಮಾತು ಮುದುಡಿಕೊಂಡು ಕೂತಿತ್ತು. ಆ ಪ್ಯಾರಾವನ್ನು ಎತ್ತಿ ಮೇಲಿಡಲು ನನ್ನ ಬೆರಳುಗಳು ತುಡಿಯುತ್ತಿದ್ದವು. ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ‘ಇವತ್ತು ಎಲ್ಲಿಗೆ ಹೋಗಿದ್ದೆ ಅಂತ ಮನೆಯಲ್ಲಿ ಅಮ್ಮ ಕೇಳಿದರೆ ಏನಂತೀಯಮ್ಮಾ?’ ಎಂದೆ. ‘ಬಿಲ್ಡಿಂಗ್ ಏನೋ ಚೆನ್ನಾಗಿದೆ, ಡಾಕ್ಟರೇ ಇಲ್ಲ ಅಂತೀನಿ ಸರ್’ ಎಂದವಳು ತನ್ನ ಮಾತನ್ನು ತಾನೇ ಕೇಳಿಸಿಕೊಂಡು, ಕಾಪಿ ಕಿತ್ತುಕೊಂಡು ಹೋದಳು. ಸಾಲು ಸಾಲಾಗಿ ಉಳಿದಿದ್ದ ಇತರ ದೋಷಗಳ ಬಗ್ಗೆ ಅಂದು ನಾನು ತುಟಿ ಬಿಚ್ಚಲಿಲ್ಲ, ಏಕೆಂದರೆ ಹದಿನೈದು ತಪ್ಪುಗಳ ಪಟ್ಟಿ ಕೊಟ್ಟರೆ ಸುಲಭದ ಹದಿನಾಲ್ಕನ್ನು ತಿದ್ದಿ ತರುತ್ತಾರೆ. ಅವಳು ಹಿಂದಿರುಗಿ ಬರಲು 25 ನಿಮಿಷ ಹಿಡಿಯಿತು. ನಾನಾಗಿದ್ದರೆ ನಾಲ್ಕು. ಮಿಕ್ಕ 21 ನಿಮಿಷಗಳಿಗೆ ಪುಟ ತಡವಾಯಿತೆಂದು ಬೈಸಿಕೊಂಡವನು ನಾನು ಎಂಬುದನ್ನು, ಕಿರಿಯರನ್ನು ಬೆಳೆಸಬೇಕೆಂದು ಸಭೆಗಳಲ್ಲಿ ಉಪದೇಶಿಸುವ ಹಿರಿಯರು ದಯವಿಟ್ಟು ಗಮನಿಸಬೇಕು.

ರಾತ್ರಿ ಹತ್ತರ ಮೇಲೆ ಪಾಠವೂ ಇಲ್ಲ, ಚುಕ್ಕೆಯೂ ಇಲ್ಲ. ಮಗುವಿನ ಮೇಲಿನ ದೌರ್ಜನ್ಯದ ಸುದ್ದಿಯಲ್ಲಿ ಹೆಸರನ್ನು ಜೋಪಾನವಾಗಿ ತೆಗೆದು, ತಂದೆಯ ಅಂಗಡಿಯನ್ನೂ ಶಾಲೆಯನ್ನೂ ಹಾಗೆಯೇ ಬಿಟ್ಟ ಕಾಪಿಯೊಂದು ಬಂದಿತ್ತು. ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಕುಟುಂಬ, ಶಾಲೆ, ನೆರೆಹೊರೆ ಯಾವುದನ್ನೂ ಪ್ರಕಟಿಸಲು ಬಿಡುವುದಿಲ್ಲ. ಅಂಥದ್ದನ್ನು ನಾನೇ ಅಳಿಸಿ ಪುಟವನ್ನು ಅಚ್ಚಿಗೆ ಬಿಡುತ್ತೇನೆ. ಮರುದಿನ ಮಧ್ಯಾಹ್ನ, ಚಹಾದ ಹೊತ್ತಿಗೆ, ಎರಡೂ ಪ್ರತಿಗಳನ್ನು ಅಕ್ಕಪಕ್ಕ ಇಟ್ಟು ಅಳಿಸಿದ್ದು ಏಕೆಂದು ಬರೆದವನ ಬಾಯಿಂದಲೇ ಹೇಳಿಸುತ್ತೇನೆ.

ಅಭಾವದ ಹುಡುಗನಿಗೂ ಗುರುವಾರದಿಂದ ಒಂದು ನಿಯಮ ಮಾಡಿದೆ. ಏನನ್ನಾದರೂ ಕೇಳುವ ಮೊದಲು ತನ್ನ ಆಯ್ಕೆ ಯಾವುದು, ಏಕೆ ಎಂದು ಹೇಳಬೇಕು. ಮೊದಲೆರಡು ದಿನ ಕಾರಣ ಹೇಳುವಾಗ ನನ್ನ ಮುಖ ನೋಡಿ ಪಕ್ಷ ಬದಲಿಸುತ್ತಿದ್ದ. ಆದ್ದರಿಂದ ನಾನು ಕಿಟಕಿಯತ್ತ ಮುಖ ಮಾಡಿ ಕೇಳಿಸಿಕೊಳ್ಳುವ ಅಭ್ಯಾಸ ಮಾಡಿಕೊಂಡೆ.

ಈ ಮಂಗಳವಾರ ಅವನ ಫೋನ್ ಬರಲಿಲ್ಲ. ಊಟದ ನಡುವೆ ಎರಡು ಬಾರಿ, ಫೋನ್ ಸದ್ದಿಲ್ಲದೆ ಬಿದ್ದಿದೆಯೇನೋ ಎಂದು ಎತ್ತಿ ನೋಡಿದೆ. ಬೆಳಿಗ್ಗೆ ಪತ್ರಿಕೆ ಬಿಡಿಸಿದರೆ, ಅವನು ಮಾಡಿದ ಪುಟದಲ್ಲಿ ಅಭಾವವೂ ಇಲ್ಲ, ಕೊರತೆಯೂ ಇಲ್ಲ. ‘ಎಂಟು ದಿನದಿಂದ ನೀರಿಲ್ಲ’ ಎಂದು ಹೆಡ್ಡಿಂಗ್ ಕೊಟ್ಟಿದ್ದ. ಒಳಗೆ ಸುದ್ದಿಯಲ್ಲಿ ಏಳು ದಿನ ಎಂದಿತ್ತು. ತಕ್ಷಣ ಫೋನ್ ಮಾಡಿದೆ. ಬುಧವಾರ ಅವನ ವಾರದ ರಜೆ, ಎತ್ತಲಿಲ್ಲ.