ಪಂಪು ಚಿಕ್ಕದಲ್ಲ ಸ್ವಾಮಿ, ಸ್ವಿಚ್ ಸೆಟ್ಟಿಂಗ್ ಜಾಸ್ತಿ

ತೆರೆದ ಬಾವಿ, ಅದರ ಪಕ್ಕದಲ್ಲೇ ಜೆಟ್ ಪಂಪು, ಒಂದು ಪ್ರೆಶರ್ ಟ್ಯಾಂಕು, ಇಷ್ಟು ಇರೋರಿಗೆ ಮಾತ್ರ ಈ ಪೋಸ್ಟು. ಬೋರ್‌ವೆಲ್ ಇರೋರು ಮುಂದಕ್ಕೆ ಹೋಗ್ಬಹುದು.

ಹೋದ ಬೇಸಿಗೆ ನಮ್ಮ ಪಂಪು ಆನ್ ಆದ್ರೆ ಆಫ್ ಆಗೋದೇ ನಿಂತ್ಹೋಯ್ತು. ಎಲ್ಲಾ ನಲ್ಲಿ ಬಂದ್ ಮಾಡಿದ್ರೂ ಗೇಜಿನ ಮುಳ್ಳು 46 ಪಿಎಸ್‌ಐಗೆ ಬಂದು ಅಲ್ಲೇ ಕೂತ್ಬಿಡೋದು, ಮೋಟರ್ ಮಾತ್ರ ಗುಂಯ್ ಅಂತ ಓಡ್ತಾನೇ ಇರೋದು, ಮುಟ್ಟಿದ್ರೆ ಕೈ ಸುಡೋ ಹಂಗೆ ಬಿಸಿ. ನೋಡೋಕೆ ಬಂದವರು ಎರಡು ನಿಮಿಷ ನೋಡಿ "ಸರ್ ಇದು ಸಾಕಾಗಲ್ಲ, ಡಬಲ್ ಎಚ್‌ಪಿದು ಹಾಕ್ಸಿಬಿಡಿ" ಅಂದ್ರು. ಬಾವಿ ಎಷ್ಟು ಇಳಿದಿದೆ ಅಂತ ಇಣುಕಿ ಕೂಡ ನೋಡ್ಲಿಲ್ಲ. ನನಗೆ ಇವತ್ತಿಗೂ ಸಿಟ್ಟು ಬರೋದು ಅದಕ್ಕೇ.

ಮೊದ್ಲು ಈ ಪಂಪು ಏನ್ ಮಾಡತ್ತೆ ಅಂತ ಹೇಳ್ಬಿಡ್ತೀನಿ. ಒಳಗಡೆ ಇಂಪೆಲ್ಲರ್ ತಿರುಗಿ ನೀರು ತಳ್ಳತ್ತಲ್ಲ, ಅದರಲ್ಲಿ ಒಂದು ಪಾಲು ಮನೆಗೆ ಹೋಗಲ್ಲ, ವಾಪಸ್ ಎಜೆಕ್ಟರ್‌ಗೆ ಹೋಗತ್ತೆ. ಅಲ್ಲಿ ಸಣ್ಣ ನಾಝಲ್ ಒಂದರಿಂದ ಚಿಮ್ಮುವಾಗ ಸುತ್ತ ಒತ್ತಡ ಬಿದ್ದೋಗತ್ತೆ, ಬಾವಿ ನೀರಿನ ಮೇಲೆ ಕೂತಿರೋ ಗಾಳಿ ಆಗ ನೀರನ್ನ ಪೈಪಿನೊಳಗೆ ಮೇಲಕ್ಕೆ ತಳ್ಳತ್ತೆ. ಅಂದ್ರೆ ನೀರನ್ನ ಮೇಲೆ ತರೋದು ಗಾಳಿ, ಪಂಪು ಜಾಗ ಮಾಡಿಕೊಡತ್ತೆ ಅಷ್ಟೇ. ಗಾಳಿಗೆ ಅಷ್ಟೇ ಶಕ್ತಿ, ಸಮುದ್ರ ಮಟ್ಟದಲ್ಲಿ ಲೆಕ್ಕಕ್ಕೆ 34 ಅಡಿ, ನಿಜವಾಗಿ ಕೆಲಸಕ್ಕೆ ಸಿಗೋದು 25 ಅಡಿ, ಎತ್ತರದ ಜಾಗ ಆದ್ರೆ ಪ್ರತಿ ಸಾವಿರ ಅಡಿಗೆ ಹೆಚ್ಚುಕಮ್ಮಿ ಒಂದು ಅಡಿ ಕಳ್ಕೊಳ್ತೀರ. ಮೋಟರ್ ಎಷ್ಟೇ ದೊಡ್ಡದು ಹಾಕಿದ್ರೂ ಈ 25 ಅಡಿ 30 ಆಗಲ್ಲ.

ಈಗ ನಮ್ಮ ಲೆಕ್ಕ. ಮಳೆಗಾಲದಲ್ಲಿ ನೀರು ಪಂಪಿಂದ 12 ಅಡಿ ಕೆಳಗೆ ಇತ್ತು, ಆಗ ಎಲ್ಲಾ ನಲ್ಲಿ ಮುಚ್ಚಿದ್ರೆ ಪಂಪು 51ರ ತನಕ ಏರ್ತಿತ್ತು. ಪ್ರೆಶರ್ ನೋಡ್ಕೊಂಡು ಪಂಪನ್ನ ಆನ್ ಆಫ್ ಮಾಡೋ ಪ್ರೆಶರ್ ಸ್ವಿಚ್ 30ಕ್ಕೆ ಆನ್, 50ಕ್ಕೆ ಆಫ್, ಆರಾಮಾಗಿ ನಡೀತಿತ್ತು. ಬೇಸಿಗೆಯಲ್ಲಿ ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಸಿ ಅಳೆದೆ, ನೀರು 22 ಅಡಿಗೆ ಹೋಗಿತ್ತು. ಹತ್ತು ಅಡಿ ಜಾಸ್ತಿ ಎತ್ತಬೇಕು. 2.31 ಅಡಿ ನೀರು ಅಂದ್ರೆ ಒಂದು ಪಿಎಸ್‌ಐ, ಸೋ ಹತ್ತು ಅಡಿಗೆ ನಾಲ್ಕೂ ಚಿಲ್ಲರೆ ಪಿಎಸ್‌ಐ ಅಲ್ಲೇ ಹೋಯ್ತು, ಜೆಟ್ ಪಂಪಲ್ಲಿ ಇದಕ್ಕಿಂತ ಸ್ವಲ್ಪ ಜಾಸ್ತಿನೇ ಹೋಗತ್ತೆ. 51 ಇದ್ದದ್ದು 46 ಆಯ್ತು. ಸ್ವಿಚ್ ಪಾಪ 50 ಬರ್ಲಿ ಅಂತ ಕಾಯ್ತಾ ಇದೆ, ಪಂಪು 46ರ ಮೇಲೆ ಹತ್ತೋಕಾಗದೆ ಒದ್ದಾಡ್ತಾ ಇದೆ, ಒಳಗಿರೋ ಅದೇ ನೀರು ನಾಝಲ್‌ನಲ್ಲಿ ಸುತ್ತಿ ಸುತ್ತಿ ಬಿಸಿ ಆಗ್ತಾ ಇದೆ. ಹಿಂಗೇ ಬಿಟ್ರೆ ಪಂಪಿನ ಹತ್ರದ ಪಿವಿಸಿ ಪೈಪು ಮೆತ್ತಗಾಗಿ ಜಾಯಿಂಟ್ ಬಿಟ್ಕೊಳ್ಳತ್ತೆ.

ಸೋ ನಾನ್ ಮಾಡಿದ್ದು ಇಷ್ಟು. ಬೇಸಿಗೆಯ ಗರಿಷ್ಠ 46, ಅದಕ್ಕಿಂತ ಐದಾರು ಕಮ್ಮಿ ಇರ್ಲಿ ಅಂತ ಪಂಪು ಆಫ್ ಆಗೋ ಕಟ್-ಔಟ್ 40 ಅಂತ ಫಿಕ್ಸ್ ಮಾಡಿದೆ, ಆನ್ ಆಗೋ ಕಟ್-ಇನ್ 20. ಮೇನ್ ಸ್ವಿಚ್ ಆಫ್ ಮಾಡಿ (ದಯವಿಟ್ಟು ಆಫ್ ಮಾಡಿ, ಪ್ರೆಶರ್ ಸ್ವಿಚ್ಚಿನ ಕವರ್ ಒಳಗೆ ಕರೆಂಟಿನ ತುದಿಗಳು ಬರಿಮೈಯಲ್ಲಿ ಇರತ್ತೆ) ಕವರ್ ತೆಗೆದ್ರೆ ಎರಡು ಸ್ಪ್ರಿಂಗ್ ಕಾಣತ್ತೆ. ದೊಡ್ಡ ಸ್ಪ್ರಿಂಗಿನ ನಟ್ ತಿರುಗಿಸಿದ್ರೆ ಆನ್ ಆಫ್ ಎರಡೂ ಒಟ್ಟಿಗೆ ಏರತ್ತೆ ಇಳಿಯತ್ತೆ, ಚಿಕ್ಕದು ಎರಡರ ನಡುವಿನ ಅಂತರಕ್ಕೆ. ನಮಗೆ ಅಂತರ 20 ಹಂಗೇ ಬೇಕಿತ್ತು, ಅದಕ್ಕೆ ಚಿಕ್ಕದನ್ನ ಮುಟ್ಲೇ ಇಲ್ಲ. ದೊಡ್ಡದನ್ನ ಅರ್ಧರ್ಧ ಸುತ್ತು ಸಡಿಲ ಮಾಡೋದು, ಕವರ್ ಹಾಕಿ ಪಂಪು ಓಡಿಸಿ ಗೇಜ್ ನೋಡೋದು, ಮತ್ತೆ ಆಫ್ ಮಾಡಿ ಸಡಿಲ ಮಾಡೋದು. ಅರ್ಧ ಗಂಟೆ ಹಿಡೀತು.

ಇಲ್ಲಿಗೆ ಮುಗೀತು ಅಂದ್ಕೊಂಡು ಬಿಟ್ಬಿಟ್ಟೆ, ಅದು ನನ್ನ ತಪ್ಪು. ಮಾರನೇ ದಿನ ಅಮ್ಮ "ನೀರು ಬರ್ತಾ ಬರ್ತಾ ನಡುವೆ ಒಂದ್ ಸಲ ನಿಂತು ಆಮೇಲೆ ಬುಸ್ ಅಂತ ಬರತ್ತೆ ಕಣೋ" ಅಂದ್ರು. ಟ್ಯಾಂಕಿನ ಗಾಳಿ ಮರೆತಿದ್ದೆ. ಟ್ಯಾಂಕಿನ ಗಾಳಿ ಯಾವಾಗ್ಲೂ ಕಟ್-ಇನ್‌ಗಿಂತ 2 ಪಿಎಸ್‌ಐ ಕಮ್ಮಿ ಇರ್ಬೇಕು. ನಮ್ಮದು ಹಳೇ 30ರ ಲೆಕ್ಕಕ್ಕೆ 28 ಇತ್ತು, ಅಂದ್ರೆ 28ಕ್ಕೇ ಟ್ಯಾಂಕ್ ಖಾಲಿ, ಪಂಪು ಎದ್ದೇಳೋದು ಮಾತ್ರ 20ಕ್ಕೆ, ನಡುವಿನ ಆ ಕ್ಷಣ ನಲ್ಲಿ ಒಣಗತ್ತೆ. ಪಂಪು ಆಫ್ ಮಾಡಿ, ನಲ್ಲಿ ಬಿಟ್ಟು ಟ್ಯಾಂಕಿನ ನೀರೆಲ್ಲ ಖಾಲಿ ಮಾಡಿ, ಟೈರಿಗೆ ಗಾಳಿ ನೋಡೋ ಗೇಜಿಂದ ನೋಡ್ಕೊಂಡು 18ಕ್ಕೆ ಇಳಿಸಿದೆ, ಸರಿಹೋಯ್ತು. ನೀರು ತುಂಬಿರುವಾಗ ಗಾಳಿ ಅಳೆದ್ರೆ ಆ ನಂಬರಿಗೆ ಅರ್ಥ ಇಲ್ಲ.

ನಷ್ಟ ಇಲ್ವಾ ಅಂದ್ರೆ ಇದೆ. ಮೇಲಿನ ಬಾತ್‌ರೂಮ್ ಪಂಪಿಗಿಂತ 15 ಅಡಿ ಎತ್ತರ, ಅಲ್ಲಿಗೇ ಆರೂವರೆ ಪಿಎಸ್‌ಐ ಹೋಗತ್ತೆ, ಪಂಪು ಎದ್ದೇಳೋ ಹೊತ್ತಿಗೆ ಷವರ್‌ಗೆ ಉಳಿಯೋದು ಹದಿಮೂರು ಚಿಲ್ಲರೆ. ತಮ್ಮ ಇನ್ನೂ ಗೊಣಗ್ತಾನೆ.

ಇನ್ನೊಂದು ವಿಷ್ಯ, ಇದೇ ಲಕ್ಷಣ ಬೇರೆ ಕಾರಣಕ್ಕೂ ಬರತ್ತೆ. ನೀರು ಇಳಿದೇ ಇಲ್ಲ, ಆದ್ರೂ ಪ್ರೆಶರ್ ಏರ್ತಿಲ್ಲ ಅಂದ್ರೆ ನಾಝಲ್‌ನಲ್ಲಿ ಕಸ ಸಿಕ್ಕಿರ್ಬಹುದು, ಮೆತ್ತಗಿನ ತಂತಿಯಲ್ಲಿ ತೆಗೀರಿ, ತೂತು ದೊಡ್ಡದಾದ್ರೆ ಪಂಪು ಕೆಟ್ಟಂಗೆ. ನಲ್ಲಿಯಲ್ಲಿ ಹಾಲಿನಂಗೆ ಬಿಳಿ ನೀರು, ಗುಳ್ಳೆ, ಗೇಜಿನ ಮುಳ್ಳು ನಡುಗೋದು ಅಂದ್ರೆ ಸಕ್ಷನ್ ಪೈಪು ಎಲ್ಲೋ ಗಾಳಿ ಎಳೀತಿದೆ. ಪಂಪು ಓಡ್ವಾಗ ಆ ಜಾಯಿಂಟ್ ಒಂದು ಹನಿನೂ ಸೋರಲ್ಲ, ಗಾಳಿ ಒಳಗೆ ಹೋಗ್ತಿರತ್ತಲ್ಲ. ಪಂಪು ನಿಂತ ಮೇಲೆ ಟ್ಯಾಂಕಿನ ಪ್ರೆಶರ್ ಹಿಂದಕ್ಕೆ ತಳ್ಳಿ ಅಲ್ಲೇ ಒದ್ದೆ ಆಗತ್ತೆ, ಆಗ ಕೈಯಾಡಿಸಿ ನೋಡಿ.

ಪೈಪಿನ ಬುಡದಲ್ಲಿ ಕೂತು ನೀರು ವಾಪಸ್ ಬಾವಿಗೆ ಇಳಿಯದಂಗೆ ತಡೆಯೋ ಫುಟ್‌ವಾಲ್ವ್ ಕಥೆನೇ ಬೇರೆ. ಯಾರೂ ನಲ್ಲಿ ಬಿಡದೇ ಇದ್ರೂ ರಾತ್ರಿ ಪಂಪು ತಾನಾಗೇ ಎದ್ದು ಓಡಿ ಮಲಗತ್ತಾ? ಟ್ಯಾಂಕಿಂದ ಮನೆಗೆ ಹೋಗೋ ವಾಲ್ವ್ ಮುಚ್ಚಿ ಗೇಜ್ ನೋಡಿ. ಇಳಿಯೋದು ನಿಂತ್ರೆ ಲೀಕ್ ಮನೆ ಕಡೆ, ಆದ್ರೂ ಇಳೀತಾ ಇದ್ರೆ ಬಾವಿ ಕಡೆ. ಸಕ್ಷನ್ ಜಾಯಿಂಟುಗಳು ಒಣಗಿದ್ರೆ ಅನುಮಾನ ಫುಟ್‌ವಾಲ್ವ್ ಮೇಲೇ. ತೆರೆದ ಬಾವಿಯ ಸುಖ ಏನಂದ್ರೆ ಇಣುಕಿದ್ರೆ ಪೈಪಿನ ಬುಡದಲ್ಲಿ ನೀರು ಅಲುಗೋದು ಕೆಲವೊಮ್ಮೆ ಕಣ್ಣಿಗೇ ಕಾಣತ್ತೆ. ನಮ್ಮದನ್ನ ಎತ್ತಿ ನೋಡಿದ್ರೆ ವಾಲ್ವಿನ ರಬ್ಬರ್ ಕೆಳಗೆ ಒಂದು ಎಲೆಯ ನಾರು, ಅಷ್ಟೇ. ತೊಳೆದು ವಾಪಸ್ ಬಿಡುವಾಗ ತಳದಿಂದ ಎರಡಡಿ ಮೇಲೆ, ನೀರಿನ ಮಟ್ಟದಿಂದ ಒಂದಡಿಗಿಂತ ಕೆಳಗೆ ನೇತಾಡೋ ಹಂಗೆ ಹಗ್ಗ ಕಟ್ಟಿದೆ, ತಳಕ್ಕೆ ತಾಗಿದ್ರೆ ಮರಳು ಎಳ್ಕೊಳ್ಳತ್ತೆ. ಆಮೇಲೆ ಪ್ರೈಮಿಂಗ್, ಪೈಪು ಪಂಪು ಎರಡೂ ತುಂಬಿ ಗುಳ್ಳೆ ನಿಲ್ಲೋ ತನಕ ನೀರು ಸುರೀರಿ, ಅವಸರ ಮಾಡಿದ್ರೆ ಇನ್ನೊಂದ್ ಸಲ ಸುರೀಬೇಕು, ನಾನು ಮೂರ್ ಸಲ ಸುರಿದೆ.

ಈಗ ಮಳೆ ಬಂದಿದೆ, ನೀರು ಮತ್ತೆ 12 ಅಡಿಗೆ ಬಂತು, "ವಾಪಸ್ 50ಕ್ಕೆ ಏರ್ಸೋ" ಅಂತ ತಮ್ಮ ಹಿಂದೆ ಬಿದ್ದಿದ್ದಾನೆ. ಏರಿಸಿದ್ರೆ ಟ್ಯಾಂಕ್ ಖಾಲಿ ಮಾಡಿ ಗಾಳಿ 28ಕ್ಕೆ ತುಂಬ್ಬೇಕು, ಬೇಸಿಗೆಗೆ ಮತ್ತೆ ಇಳಿಸ್ಬೇಕು. ಬೇಕಾದ್ರೆ ನೀನೇ ಪ್ರತಿ ವರ್ಷ ಎರಡು ಸಲ ಮಾಡ್ಕೋ ಅಂತ ಸ್ಪ್ಯಾನರ್ ಕೊಟ್ಟಿದ್ದೀನಿ, ಇನ್ನೂ ಕವರ್ ಬಿಚ್ಚಿಲ್ಲ.