ಆಯಿ ಸೆರಗು ಕರೀದಲ್ಲ

ಹೋದ ವಾರ ನವನಗರದ ಒಂದು ಫೋಟೋ ಅಂಗಡಿಗೆ ನಮ್ಮ ಅಜ್ಜ-ಆಯಿ ಫೋಟೋ ಕೊಟ್ಟು ಬಂದಿದ್ದೆ. ಹಳೇ ಬಾಗಲಕೋಟಿ ಮನಿ ಮುಳುಗಡಿಗೆ ಹೋಗೂಮುಂದ ಟ್ರಂಕಿನಾಗ ಉಳಕೊಂಡು ಬಂದ ಫೋಟೋ ಅದೊಂದ. ಮೂಲ್ಯಾಗ ಹುಳಾ ತಿಂದಿತ್ತು, ಅಷ್ಟ ಸರಿ ಮಾಡಪಾ ತಮ್ಮಾ ಅಂತ ಹೇಳಿದ್ದೆ. ಹುಡುಗ ಭಾಳ ಹುರುಪಿನವ, ಕಂಪ್ಯೂಟರ್‌ನಾಗ ಕುಂತು ಬಣ್ಣಾನೂ ತುಂಬಿಬಿಟ್ಟಾನ. ನೋಡ್ತೀನಿ, ಆಯಿ ಇಳಕಲ್ ಸೀರಿ ಬೂದಿ ಬಣ್ಣ, ಸೆರಗು ಕಾಡಿಗಿ ಕರಿ, ಹಣಿಮ್ಯಾಲ ಕುಂಕುಮಾನೂ ಕರಿ. ಐದು ಮಕ್ಕಳ ಹಡದ ಮುತ್ತೈದಿ ಆಕಿ, ಕರಿ ಬೊಟ್ಟು ಇಟಗೊಂಡು ಫೋಟೋ ತೆಗಿಸಿಕೊಳ್ಳಾಕ ಹೋಗಿದ್ಳೇನು?

"ಕಾಕಾ, ಫೋಟೋದಾಗ ಕರೀ ಐತಲ್ರಿ, ನಾ ಎಲ್ಲಿಂದ ಕೆಂಪ ತರ್ಲಿ?" ಅಂದ.

ಮಾತು ಖರೇನ. ಫೋಟೋದಾಗ ಕರೀನ ಐತಿ. ಆದ್ರ ಆಗಿನ ಸ್ಟುಡಿಯೋದವ್ರು ಬಳಸ್ತಿದ್ದ ಗಾಜಿನ ಪ್ಲೇಟು, ಫಿಲ್ಮು ಭಾಳಷ್ಟು ಆರ್ಥೋಕ್ರೊಮ್ಯಾಟಿಕ್ ಅನ್ನೂ ಜಾತಿದು, ಅದಕ್ಕ ನೀಲಿ ಕಾಣಸ್ತದ, ಹಸರು ಕಾಣಸ್ತದ, ಕೆಂಪು ಮಾತ್ರ ಕಾಣಸೂದುಲ್ಲ. ಕೆಂಪು ಅದರ ಪಾಲಿಗೆ ಬರೇ ಕತ್ತಲಿ. ಹಂಗಾಗಿ ಕೆಂಪು ರೇಷ್ಮಿ ಸೆರಗು ಕಪ್ಪಾತು, ಕುಂಕುಮ ಕಪ್ಪಾತು, ತುಟಿ ಕಪ್ಪಾದ್ವು, ಮೈಬಣ್ಣ ಇದ್ದದ್ದಕ್ಕಿಂತ ಒಂದು ಕೈ ಜಾಸ್ತಿ ಕಪ್ಪಾತು. ಕಡು ನೀಲಿ ಒಡಲು ಮಾತ್ರ ತಿಳಿಯಾಗಿ ಬೂದಿಹಂಗ ಬಂತು. ಅದಕ್ಕ ಆ ಫೋಟೋದಾಗ ಸೆರಗಿನ ಬಿಳಿ ತೋಪತೆನಿ ಗುಡಿ ಗೋಪುರ ಸಾಲಾಗಿ ಇಟ್ಟಹಂಗ ಎಷ್ಟು ಚೊಕ್ಕ ಎದ್ದು ಕಾಣ್ತೈತಿ ಅಂದ್ರ, ಕಣ್ಣಿಲೆ ನೋಡಿದ್ರ ಸೀರ್‍ಯಾಗೂ ಅಷ್ಟು ಕಾಣೂದುಲ್ಲ.

ಕೆಂಪೂ ಕಾಣಸೂ ಫಿಲ್ಮು ಆಗ ಇದ್ದಿದ್ದಿಲ್ಲ ಅಂತಲ್ಲ, ಇತ್ತು. ಆದ್ರ ಅದನ್ನ ತೊಳೀಬೇಕಂದ್ರ ಪೂರಾ ಕಗ್ಗತ್ತಲಿ ಬೇಕು, ಕೈ ತಡಕಾಡಿ ಕೆಲಸ ಮಾಡಬೇಕು. ಇದನ್ನ ಆದ್ರ ಕೆಂಪು ದೀಪ ಹಚ್ಚಿಕೊಂಡು, ಚಿತ್ರ ಹ್ಯಾಂಗ ಏಳಾಕತ್ತೈತಿ ಅಂತ ನೋಡಕೋತ, ಸಾಕನಿಸಿದಾಗ ತಕ್ಕೋಬಹುದು. ರೂಢಿ ಆದ ಕೈ ಸುಮ್ಮ ಬಿಡ್ತದೇನು? ಹಿಂಗಾಗಿ ಕುಂಕುಮ ಕಪ್ಪೈತಿ ಅಂದಮಾತ್ರಕ್ಕ ಇದು ಇಂಥಾ ಇಸವಿ ಫೋಟೋ ಅಂತ ಹೇಳಾಕ ಬರೂದುಲ್ಲ. ನಮ್ಮವ್ವನ ಮದವಿ ಫೋಟೋ 1968ರದು, ಅದರಾಗ ಕುಂಕುಮ ಮೈಬಣ್ಣದಾಗ ಕಲತು ಹುಡುಕಿದ್ರ ಸಿಗೂಹಂಗ ಐತಿ. ಅದು ಕೆಂಪು ಕಾಣಸೂ ಫಿಲ್ಮು.

ಇದನ್ನೆಲ್ಲಾ ಹೇಳಿದ್ರ ಹುಡುಗ ಹೂಂ ಅಂದ, ನಂಬಲಿಲ್ಲ. ಮನಿಗೆ ಹೋಗಿ ಆಯೀದ ಸೀರಿ ತಂದೆ, ಗಣಪತಿ ಮಂಟಪದ ಲೈಟಿಗೆ ಸುತ್ತಿದ್ದ ನೀಲಿ ಜಿಲೇಟಿನ್ ಹಾಳಿ ಒಂದು ಉಳದಿತ್ತು, ಅದನ್ನ ಎರಡು ಮಡಿಕಿ ಮಾಡಿ ಕಣ್ಣಿಗೆ ಹಿಡದು ನೋಡಂದೆ. ಸೆರಗು ಕರ್‍ರಗ ಆತು, ತೆನಿ ಬೆಳ್ಳಗ ಉಳೀತು. "ಅಯ್ಯ, ಹೌದಲ್ರಿ!" ಅಂದ. ಅಂದು, "ಬಣ್ಣ ಬದಲ ಮಾಡಾಕ ಮತ್ತ ಮುನ್ನೂರು ಆಗ್ತೈತ್ರಿ" ಅಂದ.

ಇರ್ಲಿ. ಈ ಫೋಟೋ ಯಾವ ಇಸವೀದು ಅಂತ ಕಂಡುಹಿಡದು ಹಿಂದ ಬರೀತೀನಿ ಅಂತ ಮನಿಯಾಕಿಗೆ ಮಾತು ಕೊಟ್ಟಿದ್ದೆ, ಅದರ ಸಲುವಾಗಿ ಈಗ ಅಜ್ಜನ ಕೋಟಿಗೆ ಬರೋಣ. ಅಜ್ಜ ಕುರ್ಚಿಮ್ಯಾಲ ಕುಂತಾನ, ಆಯಿ ಕುರ್ಚಿ ಬೆನ್ನಿಗೆ ಕೈ ಇಟ್ಟು ನಿಂತಾಳ, ಅಜ್ಜನ ಹೆಗಲಿಗಲ್ಲ ಮತ್ತ, ಕುರ್ಚಿಗೆ. ಅಜ್ಜ ಉಟ್ಟದ್ದು ಧೋತರ, ತಲಿಮ್ಯಾಲ ಗಾಂಧಿ ಟೊಪಗಿ, ಮ್ಯಾಲ ಕರಿ ಕೋಟು. 1956ರ ತನಕ ನಾವು ಮುಂಬೈ ಕಡಿಯವ್ರು, ಧೋತರದ ಮ್ಯಾಲ ಕೋಟು ಹಾಕೂದು ಕಚೇರಿ ಮಂದಿಗೆ, ಮಾಸ್ತರಗೊಳಿಗೆ ಇದ್ದ ರೂಢಿ. ಆದ್ರ ನಮ್ಮಜ್ಜ ಒಕ್ಕಲತನದವ. ಕೋಟಿನ ಒಂದು ತೋಳು ಬಳ್ಳಿನ ಗೆಣ್ಣು ಮುಚ್ಚೇತಿ, ಇನ್ನೊಂದನ್ನ ಕೈಗಡಿಯಾರ ಕಾಣಲಿ ಅಂತ ಸರಿಸ್ಯಾನ, ಹೆಗಲು ಇಳಿಬಿದ್ದಾವ, ಎಡಗಡಿ ಜೇಬಿನ ಅಂಚು ಕಿತ್ತು ಮತ್ತ ಹೊಲಿದದ್ದು ಓರಿ ಆಗೇತಿ. ಬಾಜೂಕ ಎತ್ತರದ ಟೀಪಾಯಿ, ಅದರಮ್ಯಾಲ ಒಂದು ಗಡಿಯಾರ, ಎಂಟೂ ಇಪ್ಪತ್ತು.

ಆಮ್ಯಾಲ ಒಂದಿನ ಬಾಜೂ ಮನಿ ಕಾಕಾರ ಹಂತ್ಯಾಕ ಚಹಾಕ್ಕ ಹೋಗಿದ್ದೆ. ಗ್ವಾಡಿಮ್ಯಾಲ ಅವರಪ್ಪನ ಫೋಟೋ. ಅದ ಕೋಟು! ಓರಿ ಹೊಲಿಗಿ ಜೇಬು ಅದ. ಕಾಕಾರ ಅಪ್ಪ ಡೊಳ್ಳಿನವ್ರು, ನಡುವಿನ ಗುಂಡಿ ಹಾಕಾಕ ಬಂದಿಲ್ಲ, ಬಗಲಾಗ ಎಳದು ನಿಂತೈತಿ. ಟೀಪಾಯಿ ಮ್ಯಾಲಿನ ಗಡಿಯಾರ ಎಂಟೂ ಇಪ್ಪತ್ತು. "ಕಾಕಾ, ಇದು ಸ್ಟುಡಿಯೋದ ಕೋಟರಿ" ಅಂದೆ. ಅವ್ರಿಗೆ ಸಿಟ್ಟು ಬಂತು. "ನಮ್ಮಪ್ಪಗ ಕೋಟಿಗೆ ಬರ ಇತ್ತೇನಲೇ? ಮದವ್ಯಾಗ ಬೀಗರು ಹೊಲಿಸಿದ ಕೋಟದು!" ಅಂದ್ರು. ಮದವ್ಯಾಗ ಅಳತಿ ತಗೊಂಡು ಹೊಲಿಸಿದ್ದ ಕೋಟಿನ ಗುಂಡಿ ಯಾಕ ಹತ್ತಲಿಲ್ಲ ಅಂತ ಕೇಳಬೇಕಂದೆ, ಚಹಾ ಇನ್ನೂ ಅರ್ಧ ಇತ್ತು, ಕೇಳಲಿಲ್ಲ. ಮುಂದ ಜಮಖಂಡಿಯಿಂದ ನಮ್ಮ ಸೋದರತ್ತಿ ಮಗಾ ಅವ್ರ ಮನಿ ಫೋಟೋ ವಾಟ್ಸಾಪ್ ಮಾಡಿದ. ಅವ್ರೂ ಹಿಂದಕ್ಕ ಬಾಗಲಕೋಟ್ಯಾಗ ಇದ್ದವ್ರ. ಮೂರನೇ ಮನಷಾ, ಕಡ್ಡಿ ಪೈಲವಾನ, ಅದ ಕೋಟು, ಎಂಟೂ ಇಪ್ಪತ್ತು. ಮೂರೂ ಫೋಟೋದಾಗ ಹಿಂದಿನ ಪಡದೆದಾಗ ಅದ ಕಂಬ, ಅದ ಹೂಬಳ್ಳಿ, ನಮ್ಮೂರಾಗ ಎಲ್ಯೂ ಇಲ್ಲದ ಒಂದು ಅರಮನಿ ಮೆಟ್ಟಿಲು.

ಅಂದ್ರ ಗಡಿಯಾರ ನಿಂತಿತ್ತು, ಕೋಟು ಸ್ಟುಡಿಯೋದ್ದು, ಅಜ್ಜ ತೋಳು ಸರಿಸಿ ಸರಿಸಿ ತೋರಿಸಿದ ಕೈಗಡಿಯಾರನೂ ಅಲ್ಲೀದ ಇರಬೇಕು. ಯಾಕಂದ್ರ ಅಜ್ಜ ವ್ಯಾಳ್ಯಾ ಕೇಳಿದ್ರ ಬೇವಿನ ಗಿಡದ ನೆಳ್ಳು ನೋಡಿ ಹೇಳ್ತಿದ್ದ ಅಂತ ಅಪ್ಪನ ಹೇಳ್ಯಾನ. ಹಿಂಗಾದಮ್ಯಾಲ ಕೋಟು ನೋಡಿ ಇಸವಿ ಹೇಳೂದು ಬಾಡಗಿ ಸೈಕಲ್ ನೋಡಿ ಆಸ್ತಿ ಅಂದಾಜು ಮಾಡಿದಂಗ. ಆಯಿ ಮೈಮ್ಯಾಲಿಂದು ಮಾತ್ರ ಆಕೀದ: ಕಚ್ಚಿ ಹಾಕಿದ ಇಳಕಲ್ ಸೀರಿ, ಗುಳೇದಗುಡ್ಡ ಖಣದ ಕುಬಸ, ತಲಿಮ್ಯಾಲ ಸೆರಗು. ಅದಾದ್ರೂ ಏನು ಹೇಳ್ತದ, ಆಕಿ ಸಾಯೂತನಕ ಅದನ್ನ ಉಟ್ಟಾಳ.

ಉಳದದ್ದು ಅಜ್ಜನ ತೊಡಿಮ್ಯಾಲಿನ ಕೂಸು. ಅದು ದೊಡ್ಡಪ್ಪ ಆದ್ರ ಫೋಟೋ 1942, ನಮ್ಮಪ್ಪ ಆದ್ರ 1947. ಆದ್ರ ಆಗ ಸ್ಟುಡಿಯೋದವ ಲೆನ್ಸಿನ ಮುಚ್ಚಳ ತಗದು, ಮನಸಿನಾಗ ಎಣಿಸಿ, ಮತ್ತ ಮುಚ್ತಿದ್ದ. ಒಂದು ಸೆಕೆಂಡಾದ್ರೂ ಅಲ್ಲಾಡಬಾರದು. ದೊಡ್ಡವ್ರು ಅದಕ್ಕ ಮಣಕಾಲಮ್ಯಾಲ ಕೈ ಊರಿ, ಹಲ್ಲು ಕಚ್ಚಿ ಕುಂತಾರ, ಈಗಿನವ್ರು ಅದನ್ನ ನೋಡಿ ಆಗಿನ ಮಂದಿ ನಗ್ತಿದ್ದಿಲ್ಲ ಅಂತಾರ, ನಕ್ಕು ನೋಡ್ರಿ ನೀವು ಒಂದು ಸೆಕೆಂಡು ಅಲ್ಲಾಡದ! ಕೂಸಿಗೇನು ಗೊತ್ತು, ಹೊಳ್ಳಿ ನೋಡೇತಿ. ಎರಡು ಮೂಗು, ಮೂರು ಕಣ್ಣು. ಯಾರ ಹೋಲಿಕಿ ಅಂತ ಹೇಳೂದು?

ನಿನ್ನೆ ಫ್ರೇಮ್ ಹಾಕಿದ ಫೋಟೋ ಕೊಟ್ಟ. ಸೆರಗು ಕೆಂಪಾಗೇತಿ, ಕುಂಕುಮ ಕೆಂಪಾಗೇತಿ. ಕೂಸಿಗೆ ಗುಂಡು ಗುಂಡು ಚಂದನ್ನ ಮಾರಿ ಬಂದೇತಿ.

"ಇದು ಯಾರ ಮಾರಿನೋ ತಮ್ಮಾ?"

"ಮಾರಿ ಅಲ್ಲಾಡಿತ್ರಿ ಕಾಕಾ, ನಿಮ್ಮ ವಾಟ್ಸಾಪ್ ಡೀಪಿಯೊಳಗಿಂದ ಹಚ್ಚೀನಿ."

ಡೀಪಿಯೊಳಗ ಇರೂದು ನನ್ನ ಮೊಮ್ಮಗ, ಪುಣೇದಾಗ ಎಲ್‌ಕೆಜಿ ಓದ್ತಾನ. ಮನಿಯಾಕಿಗೆ ತೋರಿಸಿ ವಾಪಸ್ ಕೊಡೋಣಂತ ತಂದ್ರ, ಆಕಿ ಕನ್ನಡಕ ಹಾಕ್ಕೊಂಡು ನೋಡಿ, "ಅಯ್ಯ, ಥೇಟ್ ಮಾವಾರ" ಅಂತ ಮೊಳಿ ಹುಡುಕಾಕ ಹೋದ್ಳು.